ಬಂಡೆಯೂ ಬೇಕು, ಗೋಪುರವೂ ಬೇಕು

ಹಂಪಿಯ ಮಾತಂಗ ಬೆಟ್ಟದ ಮೇಲೆ ಬೆಳಿಗ್ಗೆ ಕ್ಯಾಮೆರಾ ಹಿಡಿದು ನಿಂತವರಿಗೆಲ್ಲ ಒಂದೇ ಆಸೆ. ಕಾಲ ಬುಡದ ಬಂಡೆಯ ಬಿರುಕೂ ಕಾಣಬೇಕು, ದೂರದ ವಿರೂಪಾಕ್ಷ ಗೋಪುರವೂ ಶಾರ್ಪ್ ಆಗಿ ಬರಬೇಕು. ಆದರೆ ಲೆನ್ಸ್ ನಿಖರವಾಗಿ ಫೋಕಸ್ ಮಾಡೋದು ಒಂದೇ ದೂರಕ್ಕೆ. ಅದರ ಆಚೆ ಈಚೆ ಇರೋದೆಲ್ಲ ಸ್ವಲ್ಪ ಸ್ವಲ್ಪವೇ ಮಸುಕಾಗ್ತಾ ಹೋಗುತ್ತೆ. ಆ ಮಸುಕು ಕಣ್ಣಿಗೆ ಗೊತ್ತಾಗದಷ್ಟು ಚಿಕ್ಕದಿದ್ದರೆ ಅದನ್ನೇ ನಾವು ಶಾರ್ಪ್ ಅಂತೀವಿ.

ದಿಗಂತ ಮಸುಕಾಗದ ಹಾಗೆ ಎಷ್ಟು ಹತ್ತಿರಕ್ಕೆ ಫೋಕಸ್ ಮಾಡಬಹುದೋ, ಅದೇ ಹೈಪರ್‌ಫೋಕಲ್ ದೂರ. ಅಲ್ಲಿಗೆ ಫೋಕಸ್ ಮಾಡಿದರೆ ಅದರ ಅರ್ಧ ದೂರದಿಂದ ಅನಂತದವರೆಗೆ ಎಲ್ಲವೂ ಶಾರ್ಪ್ ಅಂತ ಲೆಕ್ಕ. ಸೂತ್ರ ಸುಮಾರಾಗಿ f²/(N×c). ಇಲ್ಲಿ f ಫೋಕಲ್ ಲೆಂತ್, N ಅಪರ್ಚರ್ ಸಂಖ್ಯೆ, c ಸೆನ್ಸರಿನ ಮೇಲೆ ನಾವು ಒಪ್ಪಿಕೊಳ್ಳುವ ಮಸುಕಿನ ಚುಕ್ಕೆಯ ಅಗಲ. ಕಿಟ್ ಲೆನ್ಸಿನ 18 ಮಿ.ಮೀ., f/11, ಎಪಿಎಸ್-ಸಿ ಸೆನ್ಸರಿಗೆ ರೂಢಿಯಲ್ಲಿರುವ 0.02 ಮಿ.ಮೀ. ಹಾಕಿ ನೋಡಿ: ಹತ್ತಿರ ಹತ್ತಿರ 1.5 ಮೀಟರ್. ಅಂದರೆ 75 ಸೆಂ.ಮೀ.ನಿಂದ ಆಚೆಗೆ ಎಲ್ಲ ಸರಿ.

ನನ್ನ ಗೆಳೆಯನೊಬ್ಬ ಇದೇ ಲೆಕ್ಕ ನಂಬಿ ತೆಗೆದ ಫೋಟೋವನ್ನು ಹೊಸ ಮನೆಯ ಗೋಡೆಗೆ ಮೂರಡಿ ಅಗಲ ಪ್ರಿಂಟ್ ಹಾಕಿಸಿದ. ಬಂಡೆ ಅದ್ಭುತ, ಗೋಪುರ ಮಂಜು ಮಂಜು. "ಫಾರ್ಮುಲಾನೇ ಸುಳ್ಳು ಕಣೋ" ಅಂದ. ಸುಳ್ಳಲ್ಲ. ಆ 0.02 ಇರೋದು ಕೈಯಲ್ಲಿ ಹಿಡಿದು ನೋಡುವ, ಸುಮಾರು ಎ4 ಅಳತೆಯ ಪ್ರಿಂಟಿಗೆ. ಹೈಪರ್‌ಫೋಕಲ್ ದೂರಕ್ಕೆ ಫೋಕಸ್ ಮಾಡಿದಾಗ ದಿಗಂತ ಸರಿಯಾಗಿ ಆ ಮಿತಿಯ ಅಂಚಿನಲ್ಲೇ ನಿಂತಿರುತ್ತೆ. ಪ್ರಿಂಟ್ ದೊಡ್ಡದಾದರೆ ಮಸುಕೂ ದೊಡ್ಡದಾಗುತ್ತೆ.

ಹಾಗಾದ್ರೆ f/22 ಇಡೋಣ ಅನ್ನಿಸುತ್ತೆ, ಅಲ್ವಾ? ಅಲ್ಲಿ ಬೇರೆ ತೊಂದರೆ. ರಂಧ್ರ ಕಿರಿದಾದಷ್ಟೂ ಬೆಳಕು ಹರಡುತ್ತೆ, ಅದೇ ಡಿಫ್ರಾಕ್ಷನ್. f/22ರಲ್ಲಿ ಒಂದು ಬಿಂದುವಿನ ಬೆಳಕು ಸುಮಾರು 0.03 ಮಿ.ಮೀ. ಚುಕ್ಕೆಯಾಗಿ ಬೀಳುತ್ತೆ, ಫೋಕಸ್ ಆದ ಜಾಗದಲ್ಲೂ! f/11ರಲ್ಲಿ ಅದರ ಅರ್ಧ. ಹಾಗಾಗಿ ಫೋಟೋ ಝೂಮ್ ಮಾಡಿ ನೋಡಿ. ದೂರದ್ದು ಮಾತ್ರ ಮಸುಕಾಗಿದ್ದರೆ ಫೋಕಸ್ ತೀರಾ ಹತ್ತಿರ ಇದೆ. ಟ್ರೈಪಾಡ್ ಇದ್ದೂ ಎಲ್ಲವೂ ಒಂದೇ ಸಮ ಮಂದವಾಗಿದ್ದರೆ ಅಪರ್ಚರ್ ಮೇಲೆ ಅನುಮಾನಪಡಿ.

ನಾನು ಮಾಡೋದು ಇಷ್ಟು. f/11ರಲ್ಲೇ ಇದ್ದು, ಫೋಕಸ್ ದೂರವನ್ನು ದುಪ್ಪಟ್ಟು ಮಾಡ್ತೀನಿ: 3 ಮೀಟರ್. ಆಗ ದಿಗಂತದ ಮಸುಕು ಅರ್ಧಕ್ಕಿಳಿಯುತ್ತೆ. ಹತ್ತಿರದ ಮಿತಿ 75 ಸೆಂ.ಮೀ.ನಿಂದ 1 ಮೀಟರಿಗೆ ಸರಿಯುತ್ತೆ, ನಮ್ಮೂರ ಅಳತೆಯಲ್ಲಿ ಎರಡು ಮೊಳದ ಮೇಲೆ ಚೂರು. 3 ಮೀಟರ್ ದೂರದ ಯಾವುದಾದರೂ ಕಲ್ಲಿಗೆ ಆಟೋಫೋಕಸ್ ಮಾಡಿ, ಮ್ಯಾನುಯಲ್‌ಗೆ ಬದಲಿಸಿ, ಆಮೇಲೆ ಝೂಮ್ ಮುಟ್ಟಬೇಡಿ. ಬಂಡೆ ಅರ್ಧ ಮೀಟರಿನಲ್ಲೇ ಇದ್ದರೆ ಒಂದು ಫೋಟೋದಲ್ಲಿ ಎರಡೂ ಸಿಗೋದು ಕಷ್ಟ. ಬಂಡೆಗೊಂದು, ಗೋಪುರಕ್ಕೊಂದು ತೆಗೆದು ಆಮೇಲೆ ಜೋಡಿಸಬೇಕು. ಇಲ್ಲವೇ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಬೆಟ್ಟದ ತುದಿಯಲ್ಲಿದ್ದರೆ ಹಿಂದೆ ನೋಡಿಕೊಂಡು.