ಸಂಬಳ, ಶೇರು ಮತ್ತು ನಾನು ಮುಚ್ಚಿಟ್ಟ ನಷ್ಟ

2025ರಲ್ಲಿ ರಿಟರ್ನ್ ಗಡುವು ಸೆಪ್ಟೆಂಬರ್‌ಗೆ ಹೋಗಿತ್ತಲ್ಲ, ನಾನೂ ಎಲ್ಲರ ಹಾಗೆ ಕೊನೇ ವಾರದವರೆಗೆ ಸುಮ್ಮನಿದ್ದೆ. ಫಾರ್ಮ್ 16 ಕೈಯಲ್ಲಿತ್ತು. ನವೆಂಬರ್‌ನಲ್ಲಿ ಮಾರಿದ ಶೇರುಗಳಿಂದ 40,000 ಲಾಭ ಬಂದಿತ್ತು. ವರ್ಷ ತುಂಬುವ ಮೊದಲೇ ಮಾರಿದ್ದರಿಂದ ಅದು ಅಲ್ಪಾವಧಿ ಲಾಭ. ಸಂಬಳ ಮತ್ತು ಶೇರಿನ ಲಾಭ ಅಂದ್ರೆ ಐಟಿಆರ್-2. ಅರ್ಧ ಗಂಟೆಯಲ್ಲಿ ತುಂಬಿಯೂ ಮುಗಿಸಿದೆ, ಸಬ್ಮಿಟ್ ಒತ್ತೋದು ಮಾತ್ರ ಬಾಕಿ.

ಆ ನಲವತ್ತು ಸಾವಿರದ ವಿಷಯ ಹೆಂಡತಿಗೆ ಗೊತ್ತಿತ್ತು. ಖುಷಿಯಿಂದ ಹೇಳಿಕೊಂಡಿದ್ದೆ. ಅದೇ ಬ್ರೋಕರ್ ಆ್ಯಪ್‌ನಲ್ಲಿ ಫ್ಯೂಚರ್ಸ್ ಅಂಡ್ ಆಪ್ಷನ್ಸ್ ಆಡಿ 95,000 ಕಳೆದುಕೊಂಡದ್ದನ್ನು ಮಾತ್ರ ಹೇಳಿರಲಿಲ್ಲ. ನಷ್ಟಕ್ಕೆ ತೆರಿಗೆ ಇಲ್ಲವಲ್ಲ, ಫಾರ್ಮ್‌ನಲ್ಲಿ ತೋರಿಸೋದು ಯಾಕೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ದೊಡ್ಡಪ್ಪನ ಮಗಳು ಶಿವಮೊಗ್ಗದಲ್ಲಿ ಸಿಎ. ಬೇರೇನೋ ಕೇಳೋಕೆ ಫೋನ್ ಮಾಡಿದಾಗ ಮಾತಿನ ಮಧ್ಯೆ ಬಾಯಿಬಿಟ್ಟೆ. ಅಕ್ಕ ತಕ್ಷಣ, "ಲೋ, ಒತ್ತಬೇಡ ಇರು. ಎಫ್ ಅಂಡ್ ಓ ಶೇರು ಮಾರಾಟ ಅಲ್ಲ ಕಣೋ, ಅದು ವ್ಯಾಪಾರ. ನಿಂದು ಐಟಿಆರ್-3," ಅಂದಳು.

ನಾನು ಯಾವ ಅಂಗಡಿ ಇಟ್ಟಿದ್ದೀನಿ ಅಂತ ನಗು ಬಂತು. ಆದರೆ ಕಾನೂನಿನ ಕಣ್ಣಿಗೆ ಎಫ್ ಅಂಡ್ ಓ ವ್ಯವಹಾರದ ಆದಾಯವೇ, ನಷ್ಟವಾದರೂ ಅಷ್ಟೇ. ವ್ಯವಹಾರದ ಆದಾಯಕ್ಕೆ ಐಟಿಆರ್-2ರಲ್ಲಿ ಜಾಗವೇ ಇಲ್ಲ. ಹಾಗೇ ಕಳಿಸಿದರೆ ರಿಟರ್ನ್ ದೋಷಪೂರಿತ ಅಂತ ನೋಟಿಸ್ ಬರಬಹುದು. ಸರಿಪಡಿಸೋಕೆ 15 ದಿನ ಕೊಡ್ತಾರೆ, ಮಾಡದಿದ್ದರೆ ರಿಟರ್ನೇ ಸಲ್ಲಿಸಿಲ್ಲ ಅಂತ ಲೆಕ್ಕ. ಆಫೀಸಿನ ಗೆಳೆಯನೊಬ್ಬ ಸುಲಭದ ಐಟಿಆರ್-4 ಹಾಕು ಅಂದಿದ್ದ. ಅದರಲ್ಲಿ ವಹಿವಾಟಿನ ಇಂತಿಷ್ಟು ಶೇಕಡಾ ಲಾಭ ಅಂತ ಅಂದಾಜಿನಲ್ಲಿ ಘೋಷಿಸಬೇಕು. ನನಗೆ ಆಗಿದ್ದೇ ನಷ್ಟ! ಸಾಲದ್ದಕ್ಕೆ ಅಲ್ಪಾವಧಿ ಲಾಭ ಇದ್ದವರು ಆ ಫಾರ್ಮ್ ಮುಟ್ಟುವ ಹಾಗೇ ಇಲ್ಲ.

ಆಮೇಲೆ ಅಕ್ಕ ಹೇಳಿದ್ದು ಕೇಳಿ ನೆಟ್ಟಗೆ ಕೂತೆ. ವ್ಯವಹಾರದ ನಷ್ಟವನ್ನು ಸಂಬಳದಿಂದ ಕಳೆಯೋಕೆ ಬರಲ್ಲ, ಆದರೆ ಅದೇ ವರ್ಷದ ಶೇರಿನ ಲಾಭದಿಂದ ಕಳೆಯಬಹುದು. ನನ್ನ 40,000ಕ್ಕೆ ಶೇಕಡಾ 20ರಂತೆ 8,000, ಸೆಸ್ ಸೇರಿ 8,320 ರೂಪಾಯಿ ತೆರಿಗೆ ಬೀಳ್ತಿತ್ತು. 95,000ದ ನಷ್ಟ ತೋರಿಸಿದರೆ ಆ ಲಾಭ ಪೂರ್ತಿ ಅಳಿಸಿಹೋಗಿ ಅದರ ಮೇಲಿನ ತೆರಿಗೆ ಸೊನ್ನೆ. ಉಳಿದ 55,000 ಮುಂದಿನ ಎಂಟು ವರ್ಷಕ್ಕೆ ಹೋಗುತ್ತೆ, ಆದರೆ ಗಡುವಿನೊಳಗೆ ಸಲ್ಲಿಸಿದರೆ ಮಾತ್ರ. ಅಂದರೆ ನಾಚಿಕೆಗೆ ನಾನು ಕಟ್ಟಲು ಹೊರಟಿದ್ದು 8,320 ರೂಪಾಯಿ.

ವಹಿವಾಟು ಎಷ್ಟು ಅಂತ ಬರೆಯುವಾಗ ಒಮ್ಮೆ ಎಡವಿದೆ. ನಾನು ನಿವ್ವಳ ನಷ್ಟವನ್ನೇ ಹಾಕಿದ್ದೆ. ಗೆದ್ದ ವ್ಯವಹಾರಗಳ ಮೊತ್ತ 2,10,000, ಸೋತವುಗಳದ್ದು 3,05,000. ಎರಡನ್ನೂ ಕೂಡಿಸಬೇಕು, ಚಿಹ್ನೆ ನೋಡಬಾರದು. ವಹಿವಾಟು 5,15,000, ನಷ್ಟ 95,000. ಬ್ರೋಕರ್ ಕೊಡುವ ತೆರಿಗೆ ವರದಿಯಲ್ಲಿ ಇವೆಲ್ಲ ಸಿಗುತ್ತೆ. ಇಷ್ಟು ಸಣ್ಣ ವಹಿವಾಟಿಗೆ ಆಡಿಟ್ ಬೇಕಾಗಲಿಲ್ಲ.

ನಿಜವಾದ ಗುಂಡಿ ಇನ್ನೊಂದು ಕಡೆ ಇತ್ತು. ಮನೆ ಬಾಡಿಗೆಯ ವಿನಾಯಿತಿಗಾಗಿ ನಾನು ಹಳೆಯ ತೆರಿಗೆ ಪದ್ಧತಿಯಲ್ಲಿದ್ದೆ. ಬರೀ ಸಂಬಳದವರು ರಿಟರ್ನ್‌ನಲ್ಲೇ ಒಂದು ಟಿಕ್ ಹಾಕಿ ಪ್ರತಿ ವರ್ಷ ಪದ್ಧತಿ ಬದಲಿಸಬಹುದು. ವ್ಯವಹಾರದ ಆದಾಯ ಸೇರಿತೋ, ಹಳೆಯದು ಬೇಕಾದರೆ ಗಡುವಿನೊಳಗೆ ಫಾರ್ಮ್ 10-ಐಇಎ ಬೇರೆಯಾಗಿ ಸಲ್ಲಿಸಬೇಕು. ಮರೆತರೆ ಹೊಸ ಪದ್ಧತಿಯ ಲೆಕ್ಕ, ಬಾಡಿಗೆ ವಿನಾಯಿತಿ ಹೋಯ್ತು. ಮುಂದೆ ಒಮ್ಮೆ ಹೊಸ ಪದ್ಧತಿಗೆ ಮರಳಿದರೆ, ವ್ಯವಹಾರದ ಆದಾಯ ಇರುವಷ್ಟು ದಿನ ಹಳೆಯದಕ್ಕೆ ವಾಪಸ್ ಬರುವಂತಿಲ್ಲ. ನಾಲ್ಕು ತಿಂಗಳ ಚಟ ಇಲ್ಲಿಗೂ ಕೈಹಾಕುತ್ತೆ ಅಂತ ಯಾವ ಆ್ಯಪೂ ಹೇಳಿರಲಿಲ್ಲ. ಮೊದಲು 10-ಐಇಎ ಸಲ್ಲಿಸಿ ಅದರ ಸ್ವೀಕೃತಿ ಸಂಖ್ಯೆ ಇಟ್ಟುಕೊಂಡು ಆಮೇಲೆ ಐಟಿಆರ್-3 ತೆರೆದೆ.

ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪನ್ನು ಹೆಂಡತಿ ಕಡೆ ತಿರುಗಿಸಿದೆ. ಅವಳು ನಷ್ಟದ ಸಾಲನ್ನೇ ಎರಡು ಸಲ ಓದಿದಳು. ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಈ ಐವತ್ತೈದು ಸಾವಿರ ಮುಂದೆ ಕಳೀಬೇಕಂದ್ರೆ ಮತ್ತೆ ಅದನ್ನೇ ಆಡಬೇಕೇನ್ರೀ?" ಅಂದಳು.

"ಬೇಡ, ಯಾವ ವ್ಯವಹಾರದ ಲಾಭ ಆದ್ರೂ ನಡೆಯುತ್ತೆ. ವಾರಾಂತ್ಯದಲ್ಲಿ ಫ್ರೀಲಾನ್ಸ್ ಕೆಲಸ ಮಾಡಿದ್ರೂ ಆಗುತ್ತೆ," ಅಂದೆ.

"ಸರಿ, ಅದನ್ನೇ ಮಾಡಿ," ಅಂತ ಹೇಳಿ ನನ್ನ ಫೋನ್ ತಗೊಂಡು ಆ್ಯಪ್ ತೆಗೆದುಹಾಕಿದಳು. ನಾನು ಸಬ್ಮಿಟ್ ಒತ್ತಿದೆ.