ಅರಟ್ಟೈಗೆ ಹೋಗಿ ವಾಪಸ್ ಬಂದ ನಮ್ಮ ಫ್ಯಾಮಿಲಿ ಗ್ರೂಪ್

ಬಿಕಾಂ ಡೈರಿ, ಕಂತು 7

2025ರ ಸೆಪ್ಟೆಂಬರ್ ಕೊನೇಲಿ ಚಿಕ್ಕಪ್ಪ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಒಂದು ಲಿಂಕ್ ಹಾಕಿದ್ರು. "ಎಲ್ರೂ ಅರಟ್ಟೈಗೆ ಬನ್ನಿ, ನಮ್ಮ ದೇಶದ ಆಪು." ಆಗ ಎಲ್ಲಾ ಕಡೆ ಅದೇ ಮಾತು. ದಿನಕ್ಕೆ 3,000 ಜನ ಸೇರ್ತಿದ್ದದ್ದು ಮೂರೇ ದಿನದಲ್ಲಿ 3,50,000ಕ್ಕೆ ಏರಿದೆ ಅಂತ ಜೋಹೋದ ಶ್ರೀಧರ್ ವೆಂಬು ಬರೆದಿದ್ರು. ನಮ್ಮ ಗ್ರೂಪಲ್ಲಿ 23 ಜನ. ಅದರಲ್ಲಿ ಒಂಬತ್ತು ಜನ ಹೋದ್ವಿ.

ಒಂಬತ್ತು ಅಂದ್ರೆ ಹತ್ತಿರ ಹತ್ತಿರ ಶೇ. 40. ಪರವಾಗಿಲ್ಲ ಅನ್ಸುತ್ತೆ, ಅಲ್ವಾ? ನಂಗೂ ಹಾಗೇ ಅನ್ಸಿತ್ತು. ಆಮೇಲೆ ಕ್ಲಾಸಲ್ಲಿ ನೆಟ್‌ವರ್ಕ್ ಎಫೆಕ್ಟ್ ಪಾಠ ಬಂದಾಗ ನೋಟ್ಸ್ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ಚಾಟ್ ಆಪ್‌ನಲ್ಲಿ ತಲೆ ಎಣಿಸಿದ್ರೆ ಸಾಲದು, ಯಾರು ಯಾರ ಜೊತೆ ಮಾತಾಡಬಹುದು ಅನ್ನೋ ಜೋಡಿಗಳನ್ನ ಎಣಿಸಬೇಕು. 23 ಜನರಲ್ಲಿ 23×22÷2, ಅಂದ್ರೆ 253 ಜೋಡಿ. ಒಂಬತ್ತು ಜನರಲ್ಲಿ 9×8÷2, ಬರೀ 36 ಜೋಡಿ. ಶೇ. 40 ಜನ ಹೋದ್ರೂ ಹೊಸ ಆಪಿಗೆ ಬಂದದ್ದು ಶೇ. 14 ಜೋಡಿ ಮಾತ್ರ. ಉಳಿದ ಮಾತುಕತೆಗೆ ಹಳೇದೇ ಗತಿ. ಹಾಗಾಗಿ ಒಂಬತ್ತು ಜನರಲ್ಲಿ ಒಬ್ರೂ ವಾಟ್ಸಾಪ್ ತೆಗೀಲಿಲ್ಲ.

ಎರಡೂ ಇಟ್ಕೊಂಡ್ರೆ ಏನು ಕಷ್ಟ ಅಂತೀರಾ? ಮೊದಲ ವಾರ ಅತ್ತೆ ಮಗಳು ಪಾಪು ಫೋಟೋನ ಎರಡೂ ಕಡೆ ಹಾಕಿದ್ಲು. ಎರಡನೇ ವಾರ ಒಂದೇ ಕಡೆ, 23 ಜನ ಇರೋ ಕಡೆ. ಅವಳು ನಿಲ್ಲಿಸಿದ್ಮೇಲೆ ಉಳಿದವರಿಗೂ ಅಲ್ಲಿ ಇಣುಕೋಕೆ ಒಂದು ಕಾರಣ ಕಮ್ಮಿ ಆಯ್ತು. ಅಷ್ಟರಲ್ಲಿ ಚಿಕ್ಕಪ್ಪ ಅಜ್ಜಿ ಕಣ್ಣಿನ ಆಪರೇಷನ್ ಡೇಟ್ ಬದಲಾಗಿದ್ದನ್ನ ಅರಟ್ಟೈನಲ್ಲಿ ಮಾತ್ರ ಹಾಕ್ಬಿಟ್ರು. ದೊಡ್ಡಮ್ಮ ಹಳೇ ದಿನಕ್ಕೇ ರಜೆ ಹಾಕಿ ಹಾಸನದಿಂದ ಬಂದು ನಿಂತಿದ್ರು. ಆಪ್‌ದು ತಪ್ಪಿಲ್ಲ, ಮೆಸೇಜ್ ಸರಿಯಾಗೇ ಹೋಗಿತ್ತು. ದೊಡ್ಡಮ್ಮ ಅಲ್ಲಿರಲಿಲ್ಲ, ಅಷ್ಟೇ. ದೀಪಾವಳಿ ಹೊತ್ತಿಗೆ ಎಲ್ರೂ ವಾಪಸ್.

ದೊಡ್ಡಮ್ಮನ ಕಂಡೀಷನ್ ಸಿಂಪಲ್ ಆಗಿತ್ತು: "ಎಲ್ರೂ ಹೋದ್ಮೇಲೆ ಹೇಳು, ನಾನೂ ಬರ್ತೀನಿ." ಉಳಿದ ಹದಿಮೂರು ಜನರದ್ದೂ ಇದೇ ಕಂಡೀಷನ್. ಹೊಸದು ಇಷ್ಟ ಇಲ್ಲ ಅಂತ ಯಾರೂ ಹೇಳಲಿಲ್ಲ. ಎಲ್ರೂ ಒಪ್ಪಿದ್ರೂ ಯಾರೂ ಅಲುಗಾಡದ ಸ್ಥಿತಿ ಇದು. ಮಾರ್ಕೆಟ್ ಒಂದು ಕಡೆ ವಾಲಿಬಿಟ್ರೆ ಅಲ್ಲೇ ಉಳಿಯೋದು ಹೀಗೆ.

ಹಾಗಾದ್ರೆ ವಾಟ್ಸಾಪ್ ಎಸ್ಸೆಮ್ಮೆಸ್ಸನ್ನ ಹೇಗೆ ಸೋಲಿಸ್ತು? ಎಸ್ಸೆಮ್ಮೆಸ್ ಅಂತೂ ಪ್ರತಿ ಫೋನಲ್ಲೂ ಇತ್ತಲ್ಲ! ಅಮ್ಮನ್ನ ಕೇಳಿದೆ. "ಹಬ್ಬದ ದಿನ ಎಸ್ಸೆಮ್ಮೆಸ್ ಪ್ಯಾಕೇ ನಡೀತಿರಲಿಲ್ಲ ಕಣೇ, ಒಂದೊಂದಕ್ಕೂ ದುಡ್ಡು ಕಟ್ ಆಗ್ತಿತ್ತು" ಅಂದ್ರು. ಉತ್ತರ ಅಲ್ಲೇ ಇತ್ತು. ಡೇಟಾ ಹಾಕಿಸಿದ್ರೆ, ಒಬ್ಬಳೇ ಗೆಳತಿ ವಾಟ್ಸಾಪ್‌ಗೆ ಬಂದ್ರೂ ಆ ಒಂದು ಜೋಡಿಗೇ ಉಳಿತಾಯ. ಎಲ್ರೂ ಬರೋವರೆಗೆ ಕಾಯ್ಬೇಕಿರಲಿಲ್ಲ. ಮೇಲಾಗಿ ಫೋನ್ ನಂಬರೇ ವಿಳಾಸ, ಯಾರು ಬಂದಿದ್ದಾರೆ ಅಂತ ತಾನೇ ಗೊತ್ತಾಗ್ತಿತ್ತು. ಅರಟ್ಟೈ ಕೂಡ ಫೋನ್ ನಂಬರ್ ಮೇಲೇ ನಡೆಯುತ್ತೆ. ಆದ್ರೆ ಬಿಟ್ಟು ಬಂದ ವಾಟ್ಸಾಪೂ ಫ್ರೀ. ಹಾಗಾಗಿ ನಮ್ಮ 36 ಜೋಡಿಗೆ ಹೊಸದಾಗಿ ಸಿಕ್ಕಿದ್ದು ಏನೂ ಇಲ್ಲ.

ಈಗ ಯುಪಿಐ ನೋಡಿ. ನಾನು ಗೂಗಲ್ ಪೇ, ಅಪ್ಪ ಫೋನ್‌ಪೇ. "ಯಾವ ಆಪಲ್ಲಿದ್ದೀಯಾ?" ಅಂತ ಅಪ್ಪ ಯಾವತ್ತೂ ಕೇಳಿಲ್ಲ. ನೆಟ್‌ವರ್ಕ್ ಆಪಿನದ್ದಲ್ಲ, ಎನ್‌ಪಿಸಿಐ ನಡೆಸೋ ಒಂದೇ ವ್ಯವಸ್ಥೆ ಎಲ್ಲಾ ಆಪಿಗೂ ಹಂಚಿಕೆ ಆಗಿದೆ. ಹಾಗಂತ ಅಲ್ಲಿ ಎಲ್ಲಾ ಸಮಾನ ಅಲ್ಲ. ಸುಮಾರು ಶೇ. 80 ವಹಿವಾಟು ಈ ಎರಡೇ ಆಪ್‌ಗಳಲ್ಲಿ. ಯಾರೂ ಶೇ. 30 ಮೀರಬಾರದು ಅಂತ 2020ರಲ್ಲೇ ಹೇಳಿದ್ರೂ ಗಡುವು ಮುಂದಕ್ಕೆ ಹೋಗ್ತಾನೇ ಇದೆ. ಮೊದಲು ಬಂದದ್ದು, ಕ್ಯಾಶ್‌ಬ್ಯಾಕ್, ಅಭ್ಯಾಸ, ಇವೂ ಕೆಲಸ ಮಾಡ್ತವೆ. ಆದ್ರೆ ನಾನು ನಾಳೆ ಬೇರೆ ಆಪಿಗೆ ಹೋದ್ರೆ ಒಬ್ಬೇ ಒಬ್ಬ ಮನುಷ್ಯನೂ ಕೈತಪ್ಪಲ್ಲ. ಯುರೋಪಲ್ಲಿ ಚಾಟಿಗೂ ಇದನ್ನೇ ಮಾಡೋಕೆ ಹೊರಟಿದ್ದಾರೆ. ಬೇರೆ ಆಪ್ ಕೇಳಿದ್ರೆ ವಾಟ್ಸಾಪ್ ಬಾಗಿಲು ತೆರೀಬೇಕು ಅಂತ ಅಲ್ಲಿನ ಡಿಜಿಟಲ್ ಮಾರ್ಕೆಟ್ಸ್ ಆಕ್ಟ್ ಹೇಳುತ್ತೆ. ಅದು ನಮ್ಮಲ್ಲಿ ಇದ್ದಿದ್ರೆ ದೊಡ್ಡಮ್ಮ ಇದ್ದಲ್ಲೇ ಇದ್ದು ಚಿಕ್ಕಪ್ಪನ ಮೆಸೇಜ್ ಓದ್ತಿದ್ರು.

ಮೊನ್ನೆ ಅರಟ್ಟೈ ತೆರೆದು ನೋಡಿದೆ. ಕೊನೇ ಮೆಸೇಜ್ ಚಿಕ್ಕಪ್ಪಂದೇ: "ಯಾರಾದ್ರೂ ಇದ್ದೀರಾ?" ಪಾಪ ಅನ್ಸಿ "ನಾನಿದ್ದೀನಿ ಚಿಕ್ಕಪ್ಪ" ಅಂತ ಹಾಕಿದೆ. ಎರಡು ದಿನ ಆದ್ಮೇಲೆ ಉತ್ತರ ಬಂತು, ವಾಟ್ಸಾಪಲ್ಲಿ.