ಸಿವನೋ ಶಿವನೋ

ನನ್ನ ಪಿಎಚ್‌.ಡಿ.ಯ ಅರ್ಧ ಕೆಲಸ ಕೇಳುವುದು. ಹಳ್ಳಿಗಳಲ್ಲಿ ರೆಕಾರ್ಡ್ ಮಾಡಿಕೊಂಡು ಬಂದ ಹಾಡು, ಮಾತುಗಳನ್ನು ಕೋಣನಕುಂಟೆಯ ಬಾಡಿಗೆ ಕೋಣೆಯಲ್ಲಿ ಕೂತು ಅಕ್ಷರಕ್ಕಿಳಿಸಬೇಕು. ಅಜ್ಜಿಯೊಬ್ಬರು ಹಾಡಿದ್ದು ‘ಸಿವ’ನೋ ‘ಶಿವ’ನೋ ಎನ್ನುವುದರ ಮೇಲೆ ನನ್ನ ಮೂರನೇ ಅಧ್ಯಾಯ ನಿಂತಿದೆ. ಹೊರಗೆ ನೋಡಿದರೆ ಕನಕಪುರ ರಸ್ತೆಯ ಬಸ್ಸುಗಳು, ಪಕ್ಕದ ಸೈಟಿನಲ್ಲಿ ಟೈಲ್ಸ್ ಕತ್ತರಿಸುವ ಮೆಷಿನ್ನು. ಹಾಗಾಗಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ನನಗೆ ಶೋಕಿಯಲ್ಲ. ಮೂರನೇ ವರ್ಷಕ್ಕೆ ಅದು ಬಸ್ಸಿನ ಗುಂಯ್‌ಗುಡುವಿಕೆಯನ್ನು ಒಳಬಿಟ್ಟುಕೊಂಡು, ಎಡಗಿವಿಯಲ್ಲಿ ತಾನೇ ಒಂದೇ ಸಮ ‘ಶ್’ ಎನ್ನತೊಡಗಿತು. ಶಕಾರ ಹುಡುಕುತ್ತಾ ಕೂತವಳಿಗೆ ಇದಕ್ಕಿಂತ ಕೆಟ್ಟ ಸದ್ದು ಯಾವುದಿದೆ?

ಮೊದಲು ರೆಕಾರ್ಡಿಂಗ್ ನಿಲ್ಲಿಸಿದೆ. ಶ್ ನಿಲ್ಲಲಿಲ್ಲ, ಅಂದರೆ ಅದು ಅಜ್ಜಿಯ ಹಾಡಿನೊಳಗಿನದಲ್ಲ. ಆಮೇಲೆ ಕ್ಯಾನ್ಸಲಿಂಗ್ ಬಟನ್ ಒತ್ತಿ ಆಫ್ ಮಾಡಿದೆ. ತಕ್ಷಣ ನಿಂತಿತು. ಈ ಹೆಡ್‌ಫೋನಿನ ಮೈಕುಗಳು ಹೊರಗಿನ ಸದ್ದನ್ನು ಕೇಳಿ, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಸ್ಪೀಕರಿನಿಂದ ಹೊರಡಿಸಿ ಎರಡನ್ನೂ ಅಳಿಸುತ್ತವೆ. ಪ್ರತಿ ಮೈಕಿಗೂ ತನ್ನದೇ ಒಂದು ಸಣ್ಣ ಶ್ ಇರುತ್ತದೆ, ಅದೂ ಕಿವಿಗೆ ಬರುತ್ತದೆ. ಆದರೆ ಎಡಕ್ಕೆ ಮಾತ್ರ ಹೆಚ್ಚೆಂದರೆ ಎಡದ ಮೈಕಿನ ಮೇಲೇ ಅನುಮಾನ. ಟಾರ್ಚ್ ಹಿಡಿದು ನೋಡಿದರೆ ಆ ಸಣ್ಣ ತೂತಿನ ಜಾಲರಿಯಲ್ಲಿ ಧೂಳೂ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯೂ ಸೇರಿ ಹೆಪ್ಪುಗಟ್ಟಿತ್ತು. ತೂತು ಕೆಳಮುಖವಾಗಿ ಹಿಡಿದು ಒಣಗಿದ ಮೆತ್ತನೆಯ ಟೂತ್‌ಬ್ರಷ್ಷಿನಿಂದ ಉಜ್ಜಿದೆ. ಪಿನ್ನು ಚುಚ್ಚಬಾರದು, ಬಾಯಿಂದ ಊದಲೂಬಾರದು. ಪಿನ್ನು ಮೈಕನ್ನೇ ಹರಿಯುತ್ತದೆ, ಊದಿದರೆ ತೇವ ಒಳಗೆ ಹೋಗುತ್ತದೆ. ಎಡದ ಶ್ ಬಲದಷ್ಟಕ್ಕೆ ಇಳಿಯಿತು.

ಬಸ್ಸಿನ ಸದ್ದು ಮಾತ್ರ ಹಾಗೇ ಇತ್ತು. ಎರಡೂ ಬದಿಯನ್ನು ಅಂಗೈಯಿಂದ ಮೆತ್ತಗೆ ಕಿವಿಗೆ ಒತ್ತಿದೆ. ಗುಂಯ್ ಮಾಯ! ಕೈ ಬಿಟ್ಟರೆ ಮತ್ತೆ ಹಾಜರ್. ಅಲ್ಲಿಗೆ ಕಳ್ಳ ಸಿಕ್ಕಿದ: ಕಿವಿಯ ಮೆತ್ತೆ. ಮೇಲಿನ ರೆಕ್ಸಿನ್ ಸಿಪ್ಪೆ ಸುಲಿದು, ಒಳಗಿನ ಸ್ಪಂಜು ಚಪ್ಪಟೆಯಾಗಿತ್ತು. ಜೊತೆಗೆ ನನ್ನ ಕನ್ನಡಕದ ಕಡ್ಡಿ ಬೇರೆ ಸಂದು ಮಾಡಿತ್ತು. ಸಂದಿದ್ದರೆ ಹೊರಗಿನ ದಪ್ಪ ಸದ್ದು ಒಳಬರುತ್ತದೆ, ಅದನ್ನು ಅಳಿಸಬೇಕಾದ ಅಲೆಯೂ ಅದೇ ಸಂದಿನಿಂದ ಸೋರಿಹೋಗುತ್ತದೆ. ಟೈಲ್ಸ್ ಮೆಷಿನ್ನಿನಂಥ ಕೀರಲು ಸದ್ದಿಗಂತೂ ಕ್ಯಾನ್ಸಲಿಂಗ್ ಅಷ್ಟಾಗಿ ನಾಟುವುದೇ ಇಲ್ಲ, ಅದನ್ನು ತಡೆಯುವುದು ಬಹುಮಟ್ಟಿಗೆ ಮೆತ್ತೆಯೇ. ಅದೇ ಮಾಡೆಲ್ಲಿನ ಅಳತೆಯ ಹೊಸ ಜೋಡಿ ಹಾಕಿದ ಮೇಲೆ ಬಸ್ಸು ದೂರ ಸರಿಯಿತು.

ಬ್ಯಾಟರಿಯನ್ನೂ ನೋಡಿದ್ದೆ. ಪೂರ್ತಿ ಚಾರ್ಜಿನಲ್ಲೂ ಇದೇ ತೊಂದರೆ ಇದ್ದುದರಿಂದ ಅದನ್ನು ಬಿಟ್ಟೆ. ಚಾರ್ಜ್ ಇಳಿದಾಗ ಮಾತ್ರ ಕ್ಯಾನ್ಸಲಿಂಗ್ ಸೊರಗಿದರೆ, ಇಲ್ಲವೇ ತಾನಾಗಿ ಆಫ್ ಆಗುತ್ತಿದ್ದರೆ, ಮೊದಲು ಅದನ್ನೇ ಹಿಡಿಯಬೇಕು.

ಉಳಿದ ತೆಳು ಶ್ ಎರಡೂ ಕಡೆ ಇದ್ದೇ ಇದೆ. ಹಗಲು ಗೊತ್ತಾಗುವುದಿಲ್ಲ, ರಾತ್ರಿ ಎರಡು ಗಂಟೆಗೆ ಗೊತ್ತಾಗುತ್ತದೆ. ಆ ಹೊತ್ತಿಗೆ ಬಸ್ಸೂ ಇರುವುದಿಲ್ಲವಲ್ಲ, ಕ್ಯಾನ್ಸಲಿಂಗ್ ಆಫ್ ಮಾಡಿ ಆ ಸಾಲನ್ನು ಏಳೆಂಟು ಸಲ ಕೇಳಿದೆ. ‘ಸಿವ’ ಎಂದೇ ಬರೆದುಕೊಂಡೆ.